ಟ್ಯೂಬಿಂಗೆನ್‌ನ ಗೆಳತಿಗೆ ಮೊದಲ ಕಾಗದ

ಚಾಮರಾಜಪೇಟೆ, ಬೆಂಗಳೂರು
27 ನವೆಂಬರ್ 2024

ಪ್ರಿಯ ಹಾನ್ನಾ ಅವರಿಗೆ,

ಬೆಂಗಳೂರಿನಿಂದ ವಿಶಾಲಾಕ್ಷಿ ಮಾಡುವ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮವಾಗಿದ್ದೇವೆ. ನೀವೂ ನಿಮ್ಮ ಮನೆಯವರೂ ಅಲ್ಲಿ ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ನನ್ನ ಅಜ್ಜ ಯಾರಿಗೇ ಕಾಗದ ಬರೆದರೂ ಇಷ್ಟನ್ನು ಬರೆದ ಮೇಲೆ ‘ಕುಶಲೋಪರಿ’ ಎಂಬ ಒಂದೇ ಪದ ಹಾಕಿ ವಿಷಯಕ್ಕೆ ಇಳಿಯುತ್ತಿದ್ದರು. ನೀವು ಓದಿದ ಪಾಠಗಳಲ್ಲಿ ಈ ಪದ ಬಹುಶಃ ಬಂದಿರಲಾರದು. ಕ್ಷೇಮಸಮಾಚಾರ ಮುಗಿಯಿತು, ಇನ್ನು ಮುಂದಿನ ಮಾತು ಎಂಬಷ್ಟೇ ಅದರ ಇಂಗಿತ. ಕುಶಲೋಪರಿ.

ನಿಮ್ಮ ವಿಳಾಸವನ್ನು ಕೊಟ್ಟವಳು ನಿಮ್ಮ ನೆರೆಮನೆಯಲ್ಲಿರುವ ನನ್ನ ಚಿಕ್ಕಪ್ಪನ ಮಗಳು ಸುಮಾ. ನೀವು ಮೂರು ವರ್ಷಗಳಿಂದ ಕನ್ನಡ ಕಲಿಯುತ್ತಿದ್ದೀರೆಂದೂ, ಸರಾಗವಾಗಿ ಓದುವಿರೆಂದೂ, ಆದರೆ ಬರೆಯಬೇಕೆಂದರೆ ತಪ್ಪಾದೀತೆಂದು ಹಿಂಜರಿಯುವಿರೆಂದೂ ಅವಳು ಹೇಳಿದಳು. ನಮ್ಮಿಬ್ಬರಿಗೂ ಪತ್ರಮೈತ್ರಿ ಚೆನ್ನಾಗಿ ಹೊಂದುತ್ತದೆ ಎಂದು ಅವಳಿಗೆ ಏಕೆ ಅನ್ನಿಸಿತೋ ಗೊತ್ತಿಲ್ಲ, ಏಕೆಂದರೆ ತಪ್ಪು ಹಿಡಿಯುವುದೇ ನನ್ನ ಉದ್ಯೋಗ. ನಾನು ಇಲ್ಲಿನ ಒಂದು ಸಣ್ಣ ಮುದ್ರಣಾಲಯದಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಕರಡು ತಿದ್ದುತ್ತಿದ್ದೇನೆ.

ನನಗೀಗ ಐವತ್ತೆರಡು ವರ್ಷ. ಹುಟ್ಟಿ ಬೆಳೆದದ್ದು ತುಮಕೂರು ಜಿಲ್ಲೆಯ ತಿಪಟೂರಿನಲ್ಲಿ. ಅದು ತೆಂಗಿಗೂ ಕೊಬ್ಬರಿಗೂ ಹೆಸರಾದ ಊರು. ಮದುವೆಯಾಗಿ ಬೆಂಗಳೂರಿಗೆ ಬಂದೆ. ಪತಿ ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರು, ಮಗಳು ಮೈಸೂರಿನಲ್ಲಿ ಓದುತ್ತಿದ್ದಾಳೆ, ಎಂಬತ್ತನಾಲ್ಕರ ಅತ್ತೆ ನಮ್ಮೊಂದಿಗಿದ್ದಾರೆ. ನಾನು ಜರ್ಮನಿಗೆ ಕಾಗದ ಬರೆಯುತ್ತಿರುವುದು ತಿಳಿದಾಗಿನಿಂದ ಅತ್ತೆಯವರು, ಆ ಹುಡುಗಿ ಊಟಕ್ಕೆ ಏನು ಮಾಡಿಕೊಳ್ಳುತ್ತಾಳೆಂದು ಕೇಳು ಎಂದು ದಿನಕ್ಕೆರಡು ಸಲ ನೆನಪಿಸುತ್ತಾರೆ. ನೀವು ನನಗಿಂತ ಹತ್ತು ವರ್ಷಕ್ಕೆ ಮಾತ್ರ ಚಿಕ್ಕವರೆಂದು ಹೇಳಿದರೂ ಅವರ ಲೆಕ್ಕದಲ್ಲಿ ನೀವಿನ್ನೂ ಹುಡುಗಿಯೇ. ಆದ್ದರಿಂದ ಉತ್ತರದಲ್ಲಿ ಊಟದ ವಿಷಯವನ್ನು ಮರೆಯದೆ ಬರೆಯಿರಿ.

ನನ್ನ ಕೆಲಸದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕೆನಿಸುತ್ತದೆ. ನಾನು ಸೇರಿದಾಗ ಅಚ್ಚುಮೊಳೆ ಜೋಡಿಸುವವರ ಕಾಲ ಮುಗಿಯುತ್ತಿತ್ತು. ಮೂಲೆಯಲ್ಲಿ ಮೊಳೆಗಳ ಮರದ ಖಾನೆಗಳು ಧೂಳು ಹಿಡಿದಿದ್ದವು, ಎದುರಿಗೆ ಹೊಸ ಕಂಪ್ಯೂಟರುಗಳು ಬಂದು ಕುಳಿತಿದ್ದವು. ಯಂತ್ರ ಬದಲಾದರೂ ತಪ್ಪುಗಳ ಜಾತಿ ಬದಲಾಗಲಿಲ್ಲ. ದೀರ್ಘ ಬಿಟ್ಟುಹೋಗುತ್ತದೆ, ಒತ್ತಕ್ಷರ ಅದಲುಬದಲಾಗುತ್ತದೆ, ಮಹಾಪ್ರಾಣಗಳಂತೂ ಬೇಕಾದಲ್ಲಿ ಇರುವುದಿಲ್ಲ, ಬೇಡವಾದಲ್ಲಿ ವಕ್ಕರಿಸುತ್ತವೆ. ಒಮ್ಮೆ ಒಂದು ಮದುವೆಯ ಕರೆಯೋಲೆಯಲ್ಲಿ ‘ವಧು’ ಎಂಬ ಪದದ ಕೊಂಬು ಹಾರಿಹೋಗಿ ‘ವಧ’ ಎಂದಾಗಿತ್ತು. ಕೊಂಬಿದ್ದರೆ ಮದುಮಗಳು, ಇಲ್ಲದಿದ್ದರೆ ಕೊಲೆ! ಕರಡನ್ನು ಎರಡು ಬಾರಿ ನೋಡಿದ್ದವಳು ನಾನೇ. ಐನೂರು ಪ್ರತಿಗಳು ಅಚ್ಚಾದ ಮೇಲೆ ಹುಡುಗಿಯ ತಂದೆ ಅದನ್ನು ಓದಿ, ಸಿಟ್ಟಾಗುವ ಬದಲು ಬಿದ್ದು ಬಿದ್ದು ನಕ್ಕು, ಮದುವೆಗೆ ನನ್ನನ್ನೂ ಕರೆದರು. ಹೋಗಿ ಊಟ ಮಾಡಿ ಬಂದೆ. ಹೋಳಿಗೆ ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. ಹಾಗಾಗಿ, ತಪ್ಪಾದೀತೆಂಬ ನಿಮ್ಮ ಅಂಜಿಕೆ ನನಗೆ ಅರ್ಥವಾಗುತ್ತದೆ. ನಿಮ್ಮ ಕಾಗದವನ್ನು ಓದುವಾಗ ಕೆಂಪು ಪೆನ್ನನ್ನು ಮೇಜಿನ ಖಾನೆಯಲ್ಲೇ ಇಟ್ಟಿರುತ್ತೇನೆಂದು ಮಾತು ಕೊಡುತ್ತೇನೆ. ನೀವಾಗಿ ಕೇಳಿದರೆ ಮಾತ್ರ ತಿದ್ದುವೆನು.

ನಿಮ್ಮ ಊರಿನ ಹೆಸರು ಕೇಳಿದಾಗ ನನಗಾದ ಸಂತೋಷಕ್ಕೆ ಬೇರೊಂದು ಕಾರಣವಿದೆ. ನನ್ನ ಮೇಜಿನ ಮೇಲೆ ಸದಾ ತೆರೆದಿರುವ ಒಂದು ನಿಘಂಟು ಇದೆ. ಅದನ್ನು ರಚಿಸಿದ ಫರ್ಡಿನೆಂಡ್ ಕಿಟ್ಟೆಲ್ ನಿಮ್ಮ ದೇಶದವರು. 1853ರಲ್ಲಿ ಬಾಸೆಲ್ ಮಿಷನ್ನಿನ ಪರವಾಗಿ ಇಲ್ಲಿಗೆ ಬಂದರು. ಸುಮಾರು 70,000 ಪದಗಳ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು, ಮತ್ತು ಅವರು 1903ರಲ್ಲಿ ತೀರಿಕೊಂಡದ್ದು ನಿಮ್ಮ ಟ್ಯೂಬಿಂಗೆನ್‌ನಲ್ಲಿ. ನಮ್ಮ ಮಹಾತ್ಮ ಗಾಂಧಿ ರಸ್ತೆಯಲ್ಲಿ ಅವರ ಪ್ರತಿಮೆಯಿದೆ. ನಮ್ಮ ಗ್ರಂಥಕರ್ತರು ಒಂದು ಪದಕ್ಕಾಗಿ ನನ್ನೊಡನೆ ಜಗಳವಾಡಿದರೆ ನಾನು ಏನನ್ನೂ ಹೇಳದೆ ಕಿಟ್ಟೆಲ್‌ರ ಪುಟವನ್ನು ತೆರೆದು ಮುಂದಿಡುತ್ತೇನೆ. ಅಷ್ಟೊಂದು ಪದಗಳ ಕರಡನ್ನು ಆಗ ಕೂತು ತಿದ್ದಿದವರಾರು ಎಂದು ಮಾತ್ರ ಆಗಾಗ ಯೋಚಿಸುತ್ತೇನೆ. ನಿಮ್ಮ ಊರಿನಲ್ಲಿ ಈಗ ಅವರನ್ನು ನೆನೆಯುವವರು ಇದ್ದಾರೆಯೇ?

ಇಲ್ಲಿ ಈಗ ಕಾರ್ತಿಕ ಮಾಸ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವುದರಿಂದ ಬೆಂಗಳೂರಿನ ಬೆಳಗುಗಳು ಈ ದಿನಗಳಲ್ಲಿ ತಣ್ಣಗಿರುತ್ತವೆ. ಹದಿನೇಳು ಡಿಗ್ರಿಗೇ ನಾವು ಸ್ವೆಟರು, ಕುಲಾವಿ, ಶಾಲುಗಳನ್ನೆಲ್ಲ ಹೊರತೆಗೆಯುತ್ತೇವೆಂದರೆ ನೀವು ನಗುವಿರಿ. ಮೊನ್ನೆ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನಡೆಯಿತು. ಕಾರ್ತಿಕದ ಕೊನೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಸುತ್ತಲಿನ ರಸ್ತೆಗಳಲ್ಲೆಲ್ಲ ಕಡಲೆಕಾಯಿಯ ರಾಶಿಗಳು ಬೀಳುತ್ತವೆ. ಹಸಿಯದು, ಹುರಿದದ್ದು, ಬೇಯಿಸಿದ್ದು, ಎರಡು ಬೀಜದ್ದು, ಮೂರು ಬೀಜದ್ದು, ಎಲ್ಲವೂ. ಹಿಂದೆ ಇಲ್ಲಿ ಸುಂಕೇನಹಳ್ಳಿ ಎಂಬ ಊರಿದ್ದ ಕಾಲದಲ್ಲಿ ಒಂದು ಬಸವ ರಾತ್ರಿಯೆಲ್ಲ ಬೆಳೆ ಮೇದುಹೋಗುತ್ತಿತ್ತಂತೆ; ಅದನ್ನು ಸಮಾಧಾನಪಡಿಸಲು ರೈತರು ಗುಡಿ ಕಟ್ಟಿಸಿ, ಮೊದಲ ಫಸಲನ್ನು ಅರ್ಪಿಸತೊಡಗಿದರೆಂದು ಕಥೆ. ಏಕಶಿಲೆಯಲ್ಲಿ ಕಡೆದ ಆ ಬಸವಣ್ಣ ಹದಿನೈದು ಅಡಿ ಎತ್ತರವಿದ್ದಾನೆ. ಅತ್ತೆಯವರು ನಡೆಯಲಾರದ ಕಾರಣ ಆಟೋದಲ್ಲಿ ಕರೆದೊಯ್ದೆವು. ಜನಸಂದಣಿಯಲ್ಲಿ ಆಟೋ ಅರ್ಧಗಂಟೆ ನಿಂತಲ್ಲೇ ನಿಂತಾಗ ಅವರು ಅಲ್ಲಿಂದಲೇ ಕೈಚಾಚಿ ವ್ಯಾಪಾರ ಮಾಡಿದರು. ಈ ಕಾಗದ ಬರೆಯುವಾಗಲೂ ಮೇಜಿನ ಮೇಲೆ ಸಿಪ್ಪೆಯ ಗುಡ್ಡೆಯಿದೆ. ಒಂದೆರಡು ಕಡಲೆಕಾಯಿಯನ್ನು ಲಕೋಟೆಯೊಳಗೆ ಹಾಕೋಣವೆಂದರೆ, ಅಂಚೆಯವರು ಅದನ್ನು ಒಪ್ಪುವುದಿಲ್ಲವೆಂದು ಮಗಳು ಫೋನಿನಲ್ಲೇ ತಡೆದಳು. ಇಮೇಲ್ ಕಳಿಸಿದರೆ ಇದೊಂದು ತಾಪತ್ರಯವೂ ಇರುವುದಿಲ್ಲವೆಂಬುದು ಅವಳ ವಾದ. ಆದರೆ ನಿಮ್ಮ ಕೈಬರಹ ಹೇಗಿದೆಯೆಂದು ನೋಡುವ ಆಸೆ ನನಗೆ.

ಕಡಲೆಕಾಯಿಯ ಬದಲು ನಮ್ಮ ಮುದ್ರಣಾಲಯದ ಹಳೆಯ ಕರಡಿನ ಒಂದು ಹಾಳೆಯನ್ನು ಇಟ್ಟಿದ್ದೇನೆ. ಮಕ್ಕಳ ಗಾದೆಪುಸ್ತಕದ್ದು, ಅಂಚಿನಲ್ಲಿ ನನ್ನ ಕೆಂಪು ಗುರುತುಗಳಿವೆ. ಕನ್ನಡದಲ್ಲೇ ಹುಟ್ಟಿ ಬೆಳೆದವರೂ ಒಂದು ಪುಟದಲ್ಲಿ ಎಷ್ಟು ಎಡವುತ್ತಾರೆಂಬುದನ್ನು ನೀವು ಎಣಿಸಿ ನೋಡಬಹುದು.

ನಿಮ್ಮ ಬಗ್ಗೆ ನನಗೆ ತಿಳಿದಿರುವುದು ತೀರ ಕಡಿಮೆ. ಗ್ರಂಥಾಲಯದಲ್ಲಿ ಕೆಲಸವೆಂದು ಸುಮಾ ಹೇಳಿದ್ದಾಳೆ. ಜಗತ್ತಿನ ಅಷ್ಟು ಭಾಷೆಗಳಿರುವಾಗ ಕನ್ನಡವೇ ಏಕೆ ನಿಮ್ಮನ್ನು ಸೆಳೆಯಿತು? ಮೊದಲು ಕಲಿತ ಪದ ಯಾವುದು? ನಿಮ್ಮ ಮನೆಯ ಕಿಟಕಿಯಿಂದ ನೆಕ್ಕರ್ ನದಿ ಕಾಣಿಸುತ್ತದೆಯೇ? ನಮ್ಮ ಬೆಂಗಳೂರಿನಲ್ಲಿ ಹಾಗೆ ಹೇಳಿಕೊಳ್ಳುವ ನದಿಯೊಂದಿಲ್ಲ. ಕುಡಿಯುವ ನೀರಿಗೂ ದೂರದ ಕಾವೇರಿಯನ್ನೇ ನೆಚ್ಚಿಕೊಂಡಿದ್ದೇವೆ. ಆದ್ದರಿಂದ ನದಿಯ ದಂಡೆಯಲ್ಲಿ ಬದುಕುವವರೆಂದರೆ ನನಗೆ ಕೊಂಚ ಹೊಟ್ಟೆಕಿಚ್ಚು. ಅದರ ಬಗ್ಗೆ ವಿಸ್ತಾರವಾಗಿ ಬರೆಯಿರಿ.

ಇಲ್ಲಿ ರಾತ್ರಿ ಹತ್ತೂವರೆಯಾಯಿತು, ನಿಮ್ಮಲ್ಲಿ ಸಂಜೆ ಆರು. ನಾಳೆ ಬೆಳಿಗ್ಗೆ ಕೆಲಸಕ್ಕೆ ಹೋಗುವ ದಾರಿಯಲ್ಲಿ ಇದನ್ನು ಅಂಚೆಗೆ ಹಾಕುತ್ತೇನೆ. ಸುಮಾಳಿಗೆ ನನ್ನ ನೆನಕೆಗಳನ್ನು ತಿಳಿಸಿರಿ. ನಿಮ್ಮ ಮನೆಯ ಹಿರಿಯರಿಗೆ ನಮಸ್ಕಾರಗಳು, ಮಕ್ಕಳಿದ್ದರೆ ಅವರಿಗೆ ಆಶೀರ್ವಾದಗಳು.

ನಿಮ್ಮ ಉತ್ತರದ ನಿರೀಕ್ಷೆಯಲ್ಲಿರುವ,
ವಿಶಾಲಾಕ್ಷಿ

ಮರೆತಿದ್ದೆ: ಈ ಕಾಗದದಲ್ಲಿ ನಿಮಗೇನಾದರೂ ತಪ್ಪು ಕಂಡರೆ ಖಂಡಿತ ಗುರುತು ಹಾಕಿ ಕಳಿಸಿ. ಇಪ್ಪತ್ತೆಂಟು ವರ್ಷಗಳಲ್ಲಿ ನನ್ನ ಬರಹವನ್ನು ಯಾರೂ ತಿದ್ದಿಲ್ಲ.