ವಿಷಯ: ಬುಧವಾರದ ಕೋಡಿಂಗ್ ಟೆಸ್ಟ್ ಮಧ್ಯೆ ತಾಂತ್ರಿಕ ತೊಂದರೆ – ಇನ್ನೊಂದು ಅವಕಾಶಕ್ಕೆ ವಿನಂತಿ

ನಮಸ್ತೆ ಮೇಡಂ,

ಬ್ಯಾಕೆಂಡ್ ಡೆವಲಪರ್ ಹುದ್ದೆಗೆ ಇವತ್ತು ಬೆಳಗ್ಗೆ 10 ಗಂಟೆಗೆ ನನ್ನ ಆನ್‌ಲೈನ್ ಕೋಡಿಂಗ್ ಟೆಸ್ಟ್ ಇತ್ತು. ಮಧ್ಯದಲ್ಲಿ ಟೆಸ್ಟ್ ಪುಟ ಕೈಕೊಟ್ಟು 22 ನಿಮಿಷ ಹೋಯಿತು. ಸಾಧ್ಯವಿದ್ದರೆ ಇನ್ನೊಮ್ಮೆ ಟೆಸ್ಟ್ ಬರೆಯಲು ಅವಕಾಶ ಮಾಡಿಕೊಡಿ ಎಂದು ಕೇಳಿಕೊಳ್ಳುತ್ತಿದ್ದೇನೆ.

ಒಟ್ಟು 90 ನಿಮಿಷ, ಮೂರು ಪ್ರಶ್ನೆ. ಮೊದಲನೆಯದನ್ನು ಮುಗಿಸಿ ಸಬ್ಮಿಟ್ ಮಾಡಿದ್ದೆ. ಎರಡನೆಯದರಲ್ಲಿ 15 ಟೆಸ್ಟ್ ಕೇಸ್‌ಗಳ ಪೈಕಿ 11 ಪಾಸಾಗಿದ್ದವು. ಉಳಿದ ನಾಲ್ಕು ಟೈಮ್‌ಔಟ್ ಆಗುತ್ತಿದ್ದುದರಿಂದ ಒಳಗಿನ ಲೂಪ್ ತೆಗೆದು ಹ್ಯಾಶ್‌ಮ್ಯಾಪ್ ಹಾಕಿದೆ. 10:52ಕ್ಕೆ ರನ್ ಒತ್ತಿದರೆ ಚಕ್ರ ಸುತ್ತುತ್ತಲೇ ಇತ್ತು. ರಿಫ್ರೆಶ್ ಮಾಡಿದಾಗ ಬಂದದ್ದು `504 Gateway Time-out`. ನನ್ನ ನೆಟ್ಟೇ ಹೋಗಿರಬೇಕು ಅಂದುಕೊಂಡು ಬೇರೆ ಟ್ಯಾಬ್‌ನಲ್ಲಿ ಎರಡು ಸೈಟ್ ತೆರೆದು ನೋಡಿದೆ, ಎರಡೂ ತೆರೆದವು. ಫೋನಿನ ಹಾಟ್‌ಸ್ಪಾಟ್‌ಗೆ ಬದಲಾಯಿಸಿದರೂ ಅದೇ ಎರರ್.

11:14ಕ್ಕೆ ಪುಟ ಮತ್ತೆ ತೆರೆಯಿತು. ಟೈಮರ್ ಮಾತ್ರ ನಿಂತಿರಲಿಲ್ಲ. ಉಳಿದದ್ದು 16 ನಿಮಿಷ. ಎಡಿಟರ್‌ನಲ್ಲಿ 10:41ಕ್ಕೆ ಸೇವ್ ಆಗಿದ್ದ ಹಳೆಯ ಕೋಡ್ ಇತ್ತು, ಹ್ಯಾಶ್‌ಮ್ಯಾಪ್ ಬಳಸಿ ಬರೆದದ್ದೆಲ್ಲ ಮಾಯ. ಅದನ್ನು ಮತ್ತೆ ಬರೆಯುವಷ್ಟರಲ್ಲಿ ಸಮಯ ಮುಗಿದು ಟೆಸ್ಟ್ ತಾನಾಗಿಯೇ ಸಬ್ಮಿಟ್ ಆಯಿತು. ಮೂರನೇ ಪ್ರಶ್ನೆಗೆ ಒಂದು ಸಾಲೂ ಬರೆಯಲಾಗಲಿಲ್ಲ.

ಒಂದು ವಿಷಯ ನಾನೇ ಮೊದಲು ಹೇಳಿಬಿಡುತ್ತೇನೆ. ನೆಟ್ ಪರೀಕ್ಷಿಸಲು ಟ್ಯಾಬ್ ಬದಲಾಯಿಸಿದ್ದು ನಿಮ್ಮ ಪ್ರಾಕ್ಟರಿಂಗ್ ವರದಿಯಲ್ಲಿ ಬಂದಿರಬಹುದು. ಅದು ನಡೆದದ್ದು 10:53ರಿಂದ 10:56ರ ನಡುವೆ, ಪುಟ ನಿಂತುಹೋದ ಮೇಲೆ. ಸಮಯ ಹೋಲಿಸಿ ನೋಡಿದರೆ ಗೊತ್ತಾಗುತ್ತದೆ.

ಎರರ್ ಬಂದ ಪರದೆಯ ಎರಡು ಸ್ಕ್ರೀನ್‌ಶಾಟ್ ಲಗತ್ತಿಸಿದ್ದೇನೆ, ಎರಡರಲ್ಲೂ ಗಡಿಯಾರ ಕಾಣುತ್ತದೆ. ಪ್ಲಾಟ್‌ಫಾರ್ಮ್‌ನ ಸಪೋರ್ಟ್‌ಗೆ 11:35ಕ್ಕೆ ದೂರು ಕಳಿಸಿದ್ದೇನೆ. ಅವರು ಕಳಿಸಿದ ಸ್ವೀಕೃತಿ ಮೇಲ್ ಕೂಡ ಜೊತೆಗಿದೆ. ಸರ್ವರ್ ಲಾಗ್ ಅವರ ಬಳಿಯೇ ಇರುವುದರಿಂದ ನೀವು ಕೇಳಿದರೆ ಬೇಗ ಸಿಗಬಹುದು.

ಮರುಟೆಸ್ಟ್‌ಗೆ ಬೇರೆಯೇ ಪ್ರಶ್ನೆಗಳನ್ನು ಕೊಟ್ಟರೂ ಸರಿ, ಅದೇ ನ್ಯಾಯ ಕೂಡ. ಈ ಪ್ರಶ್ನೆಗಳನ್ನು ನಾನು ಈಗಾಗಲೇ ನೋಡಿಬಿಟ್ಟಿದ್ದೇನಲ್ಲ. ನಾಳೆಯಿಂದ ಸೋಮವಾರದವರೆಗೆ ಯಾವ ಹೊತ್ತಿಗಾದರೂ ಕೂರಬಲ್ಲೆ. ನಿಮ್ಮ ನಿಯಮದಲ್ಲಿ ಮರುಟೆಸ್ಟ್‌ಗೆ ಅವಕಾಶ ಇಲ್ಲದಿದ್ದರೆ, ತಂಡದವರೊಬ್ಬರ ಜೊತೆ ಅರ್ಧ ಗಂಟೆ ಕಾಲ್‌ನಲ್ಲಿ ಸ್ಕ್ರೀನ್ ಶೇರ್ ಮಾಡಿ ಕೋಡ್ ಬರೆದು ತೋರಿಸಲೂ ಸಿದ್ಧಳಿದ್ದೇನೆ. ಅದೂ ಆಗದಿದ್ದರೆ, ಈಗ ಸಬ್ಮಿಟ್ ಆಗಿರುವುದನ್ನು ನೋಡುವವರಿಗೆ ಈ ಮೇಲ್ ಕೂಡ ತಲುಪಿಸಿದರೆ ಉಪಕಾರವಾಗುತ್ತದೆ.

ಫಲಿತಾಂಶ ಶುಕ್ರವಾರ ಹೊರಬೀಳುತ್ತದೆ ಎಂದು ನೀವು ಫೋನಿನಲ್ಲಿ ಹೇಳಿದ ನೆನಪು. ಅದಕ್ಕೇ ಕಾಯದೆ ಇವತ್ತೇ ಬರೆದೆ.

ವಂದನೆಗಳೊಂದಿಗೆ,
ರಮ್ಯಾ