ಮಣಿಕಟ್ಟಿನ ನೋವಿನ ಕಾರಣ ಸೂಕ್ತ ಕೀಬೋರ್ಡ್ ಮತ್ತು ವಿರಾಮದ ಸಮಯ ಕೋರಿ ಮನವಿ

ಹಾಸನ
ದಿನಾಂಕ: 9 ಜೂನ್ 2025

ಇಂದ,
ಸವಿತಾ ಎಚ್.
ಡೇಟಾ ಎಂಟ್ರಿ ಆಪರೇಟರ್, ಕನ್ನಡ ದಾಖಲೆ ವಿಭಾಗ

ರವರಿಗೆ,
ವ್ಯವಸ್ಥಾಪಕರು,
ಹಾಸನ ಶಾಖೆ

ವಿಷಯ: ಮಣಿಕಟ್ಟಿನ ನೋವಿನ ಕಾರಣ ಎರಡು ಭಾಗವಾಗಿರುವ ಕೀಬೋರ್ಡ್ ಒದಗಿಸುವ ಮತ್ತು ಕೆಲಸದ ನಡುವೆ ಕಿರುವಿರಾಮ ನೀಡುವ ಕುರಿತು.

ಮಾನ್ಯರೇ,

ನಾನು ನಾಲ್ಕು ವರ್ಷಗಳಿಂದ ಈ ಶಾಖೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ಕಳೆದ ಅಕ್ಟೋಬರ್‌ನಿಂದ ಆಲೂರು ಮತ್ತು ಸಕಲೇಶಪುರ ತಾಲ್ಲೂಕುಗಳ ಕೈಬರಹದ ಹಳೆಯ ರಿಜಿಸ್ಟರುಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ನನ್ನ ಪಾಲಿಗಿದೆ. ಫೆಬ್ರವರಿಯಿಂದ ನನ್ನ ಬಲ ಮಣಿಕಟ್ಟಿನಲ್ಲಿ ನೋವು ಕಾಣಿಸಿಕೊಂಡಿದ್ದು, ಈಗ ಅದು ಕೆಲಸದ ಗುಣಮಟ್ಟವನ್ನೂ ಮುಟ್ಟಿರುವುದರಿಂದ ಈ ಪತ್ರವನ್ನು ತಮ್ಮ ಗಮನಕ್ಕೆ ತರುತ್ತಿದ್ದೇನೆ.

ಮೊದಮೊದಲು ಸಂಜೆಯ ಹೊತ್ತಿಗೆ ಮಾತ್ರ ಕೈ ಜೋಮು ಹಿಡಿಯುತ್ತಿತ್ತು. ಬಸ್ಸಿನಲ್ಲಿ ಮನೆ ಸೇರುವಷ್ಟರಲ್ಲಿ ಸರಿಹೋಗುತ್ತಿತ್ತು. ಏಪ್ರಿಲ್ ನಂತರ ರಾತ್ರಿ ಎರಡು ಗಂಟೆಗೆಲ್ಲ ಎಚ್ಚರವಾಗಿ, ಹೆಬ್ಬೆರಳು, ತೋರುಬೆರಳು ಮತ್ತು ನಡುಬೆರಳು ಮರಗಟ್ಟಿರುವುದು ತಿಳಿದು, ಕೈ ಕೊಡವಿಕೊಂಡು ಕೂರುವುದು ಅಭ್ಯಾಸವೇ ಆಗಿಬಿಟ್ಟಿದೆ. ಕಿರುಬೆರಳಿಗೆ ಮಾತ್ರ ಏನೂ ಆಗಿಲ್ಲ. ಹೋದ ತಿಂಗಳು ಮನೆಯಲ್ಲಿ ಮುದ್ದೆ ತೊಳಸುವಾಗ ಕೋಲು ಹಿಡಿದ ಕೈಗೆ ಬಲವೇ ಸಿಗದೆ, ಪಾತ್ರೆಯನ್ನು ಅತ್ತೆಯವರ ಕೈಗೆ ಕೊಡಬೇಕಾಯಿತು. ಅಂದೇ ವೈದ್ಯರನ್ನು ಕಾಣುವುದೆಂದು ನಿರ್ಧರಿಸಿದೆ.

ಮೂಳೆ ವೈದ್ಯರು ಎರಡೂ ಅಂಗೈಗಳ ಹಿಂಭಾಗವನ್ನು ಒಂದಕ್ಕೊಂದು ಒತ್ತಿ, ಮಣಿಕಟ್ಟು ಬಾಗಿಸಿ ಒಂದು ನಿಮಿಷ ಹಿಡಿದಿರುವಂತೆ ಹೇಳಿದರು. ಅರ್ಧ ನಿಮಿಷ ಕಳೆಯುವುದರೊಳಗೆ ಬೆರಳುಗಳಿಗೆ ಜೋಮು ಬಂತು. ಮಣಿಕಟ್ಟಿನ ಇಕ್ಕಟ್ಟಾದ ದಾರಿಯಲ್ಲಿ ಸ್ನಾಯುರಜ್ಜುಗಳ ಜೊತೆ ಸಾಗುವ ನರವೊಂದು ಒತ್ತಡಕ್ಕೆ ಸಿಕ್ಕಿದೆ, ಇದು ಕಾರ್ಪಲ್ ಟನಲ್ ಸಿಂಡ್ರೋಮ್‌ನ ಆರಂಭ, ಕಿರುಬೆರಳಿಗೆ ಬೇರೆ ನರ ಇರುವುದರಿಂದ ಅದು ಉಳಿದುಕೊಂಡಿದೆ ಎಂದು ವಿವರಿಸಿದರು. ಇಂಥ ತೊಂದರೆ ಸಕ್ಕರೆ ಕಾಯಿಲೆ ಮತ್ತು ಥೈರಾಯ್ಡ್ ಇದ್ದವರಲ್ಲಿಯೂ ಬರುವುದರಿಂದ ರಕ್ತ ಪರೀಕ್ಷೆ ಮಾಡಿಸಿದರು, ಎರಡೂ ಸಹಜವಾಗಿವೆ. ಟೈಪಿಂಗ್ ಒಂದೇ ಕಾರಣವೆಂದು ಅವರು ಹೇಳಲಿಲ್ಲ, ನಾನೂ ಹಾಗೆ ಹೇಳುತ್ತಿಲ್ಲ. ಆದರೆ ಮಣಿಕಟ್ಟು ಬಾಗಿಸಿಕೊಂಡು ಬಿಡುವಿಲ್ಲದೆ ಕೆಲಸ ಮಾಡಿದರೆ ನೋವು ಕಡಿಮೆಯಾಗುವುದಿಲ್ಲವೆಂದು ಸ್ಪಷ್ಟವಾಗಿ ತಿಳಿಸಿ, ರಾತ್ರಿ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಳ್ಳಲು ಸೂಚಿಸಿದ್ದಾರೆ. ಅವರ ಚೀಟಿಯ ನಕಲನ್ನು ಲಗತ್ತಿಸಿದ್ದೇನೆ.

ಈಗಿರುವ ಕೀಬೋರ್ಡಿನಲ್ಲಿ ತೊಂದರೆ ಎಲ್ಲಿದೆ ಎಂಬುದನ್ನು ದಯವಿಟ್ಟು ಒಮ್ಮೆ ನನ್ನ ಮೇಜಿನ ಬಳಿ ನಿಂತು ನೋಡಬೇಕೆಂದು ಕೋರುತ್ತೇನೆ. ಕೀಲಿಗಳೆಲ್ಲ ನೇರ ಸಾಲುಗಳಲ್ಲಿ ಒತ್ತಾಗಿರುವುದರಿಂದ ಎರಡೂ ಅಂಗೈಗಳು ಕಿರುಬೆರಳಿನ ಕಡೆಗೆ ತಿರುಚಿಕೊಳ್ಳುತ್ತವೆ. ಕೀಬೋರ್ಡಿನ ಹಿಂದಿನ ಕಾಲುಗಳನ್ನು ಎತ್ತಿ ನಿಲ್ಲಿಸಿದ್ದರಿಂದ ಮಣಿಕಟ್ಟು ಮೇಲಕ್ಕೆ ಬಾಗಿಯೇ ಇರುತ್ತಿತ್ತು. ಆ ಕಾಲುಗಳನ್ನು ನಾನೇ ಮಡಿಸಿಟ್ಟಿದ್ದೇನೆ, ಸ್ವಲ್ಪ ಹಗುರವೆನಿಸಿದೆ. ಬಲಗಡೆ ಅಂಕಿಗಳ ಕೀಲಿಗಳಿರುವ ಭಾಗವನ್ನು ದಾಟಿ ಮೌಸ್ ಇರುವುದರಿಂದ, ಪ್ರತಿ ನಮೂದಿಗೂ ತೋಳು ಚಾಚಿ ಹಿಂತಿರುಗಬೇಕು.

ಕನ್ನಡ ನಮೂದಿನಲ್ಲಿ ಇಂಗ್ಲಿಷಿಗಿಂತ ಹೊರೆ ಹೆಚ್ಚು ಎಂಬುದು ಹೊರಗಿನವರಿಗೆ ಬೇಗ ಗೊತ್ತಾಗುವುದಿಲ್ಲ. ನುಡಿ ತಂತ್ರಾಂಶದ ಕೀಲಿ ವಿನ್ಯಾಸದಲ್ಲಿ ದೀರ್ಘ ಸ್ವರಗಳಿಗೂ ಮಹಾಪ್ರಾಣಗಳಿಗೂ ಶಿಫ್ಟ್ ಒತ್ತಲೇಬೇಕು. "ಖಾತೆದಾರ" ಎಂಬ ಒಂದು ಪದಕ್ಕೆ K A t e d A r ಎಂದು ಏಳು ಕೀಲಿಗಳು, ಅದರಲ್ಲಿ ಮೂರು ಸಲ ಶಿಫ್ಟ್. ನನ್ನ ರಿಜಿಸ್ಟರಿನಲ್ಲಿ ಆ ಪದ ಬರುವುದು ಪುಟಕ್ಕೆ ಹದಿನೈದು ಇಪ್ಪತ್ತು ಬಾರಿ. ಶಿಫ್ಟ್ ಒತ್ತಿ ಹಿಡಿಯುವ ಬದಲು ಒಮ್ಮೆ ತಟ್ಟಿ ಬಿಡುವಂತೆ ವಿಂಡೋಸ್‌ನ ಸ್ಟಿಕಿ ಕೀಸ್ ಸೌಲಭ್ಯವನ್ನು ಹಾಕಿಕೊಂಡಿದ್ದೇನೆ. ಅದರಿಂದ ಹಿಡಿತ ಸಡಿಲಾಯಿತೇ ಹೊರತು ಕೀಲಿಗಳ ಸಂಖ್ಯೆ ಕಡಿಮೆಯಾಗಲಿಲ್ಲ.

ನನಗೆ ಹೆಚ್ಚು ಆತಂಕ ತಂದಿರುವುದು ತಪ್ಪುಗಳ ವಿಚಾರ. ಬೆರಳು ಮರಗಟ್ಟಿದಾಗ ಕೀಲಿ ಒತ್ತಿದೆನೋ ಇಲ್ಲವೋ ತಿಳಿಯುವುದಿಲ್ಲ. ಮೇ ತಿಂಗಳಲ್ಲಿ ಪರಿಶೀಲನಾ ವಿಭಾಗದಿಂದ ಹಿಂತಿರುಗಿದ ನಮೂದುಗಳಲ್ಲಿ "ಪುಟ್ಟೇಗೌಡ" ಎಂದಿರಬೇಕಾದ ಕಡೆ "ಪುಟ್ಟೆಗೌಡ" ಎಂದಿತ್ತು. ಶಿಫ್ಟ್ ತಾಗದೆ ದೀರ್ಘವು ಹ್ರಸ್ವವಾಗಿಬಿಟ್ಟಿದೆ. ನಮಗೆ ಅದು ಒಂದು ಅಕ್ಷರ. ಆ ಖಾತೆದಾರರಿಗೆ ನಾಳೆ ಆಧಾರ್‌ಗೂ ಪಹಣಿಗೂ ಹೆಸರು ತಾಳೆಯಾಗದೆ ತಾಲ್ಲೂಕು ಕಚೇರಿಗೆ ಅಲೆಯುವ ಕಷ್ಟ. ನನ್ನ ಕೈಯಿಂದ ಅಂಥ ತಪ್ಪು ಹೋಗಬಾರದೆಂಬುದೇ ಈ ಪತ್ರ ಬರೆಯಲು ಮುಖ್ಯ ಕಾರಣ.

ಆದ್ದರಿಂದ ಎಡಕ್ಕೊಂದು ಬಲಕ್ಕೊಂದು ಎಂದು ಎರಡು ಭಾಗವಾಗಿ, ನಡುವೆ ಸ್ವಲ್ಪ ಉಬ್ಬಿ, ಕೈ ನೇರವಾಗಿ ಇರುವಂತೆ ಮಾಡಿರುವ ಒಂದು ಕೀಬೋರ್ಡನ್ನು ಒದಗಿಸಬೇಕೆಂದು ಕೋರುತ್ತೇನೆ. ಅಂಕಿಗಳ ಭಾಗ ಬೇರೆಯಾಗಿದ್ದರೆ ಉತ್ತಮ. ಸರ್ವೆ ನಂಬರು ಬರೆಯುವಾಗ ಅದನ್ನು ಎಡಗಡೆಗೂ ಇಟ್ಟುಕೊಳ್ಳಬಹುದು, ಮೌಸ್ ಹತ್ತಿರ ಬರುತ್ತದೆ. ಹಾಸನದ ಕಂಪ್ಯೂಟರ್ ಅಂಗಡಿಯೊಂದರಲ್ಲಿ ವಿಚಾರಿಸಿದಾಗ ಎರಡೂ ಸೇರಿ ಸುಮಾರು ಏಳು ಸಾವಿರ ರೂಪಾಯಿ ಎಂದು ತಿಳಿಸಿದರು. ಖರೀದಿಗೆ ಸಮಯ ಹಿಡಿಯುವುದಾದರೆ, ಅಲ್ಲಿಯವರೆಗೆ ಮೇಜಿನ ಎತ್ತರಕ್ಕೆ ಸರಿಯಾಗಿ ನನ್ನ ಕುರ್ಚಿಯನ್ನು ಬದಲಿಸಿಕೊಟ್ಟರೂ ಅನುಕೂಲವಾಗುತ್ತದೆ. ಈಗಿನ ಕುರ್ಚಿಯಲ್ಲಿ ಮೊಣಕೈ ಮೇಜಿಗಿಂತ ಕೆಳಗೆ ಇಳಿಯುತ್ತದೆ.

ಎರಡನೆಯದು ವಿರಾಮ. ಈಗ 11.15ಕ್ಕೂ 4.00ಕ್ಕೂ ಚಹಾಕ್ಕೆಂದು ಹತ್ತು ನಿಮಿಷ, ಊಟಕ್ಕೆ ಅರ್ಧ ಗಂಟೆ ಇದೆ. ಇದರ ಜೊತೆಗೆ 10.30, 12.15, 3.00 ಮತ್ತು 5.00ಕ್ಕೆ ಐದೈದು ನಿಮಿಷ ಕೀಬೋರ್ಡಿನಿಂದ ಕೈ ತೆಗೆಯಲು ಅನುಮತಿ ಕೊಡಬೇಕು. ದಿನಕ್ಕೆ ಇಪ್ಪತ್ತು ನಿಮಿಷ. ಕೆಲಸ ಹಿಂದೆ ಬೀಳುವುದೆಂಬ ಅನುಮಾನ ತಮಗೆ ಬರುವುದು ಸಹಜ. ಅಮೆರಿಕದ ತೆರಿಗೆ ಇಲಾಖೆಯ ಡೇಟಾ ಎಂಟ್ರಿ ನೌಕರರ ಮೇಲೆ ಅಲ್ಲಿನ ಔದ್ಯೋಗಿಕ ಸುರಕ್ಷತೆ ಸಂಸ್ಥೆ ನಡೆಸಿ 2000ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇದೇ ರೀತಿ ನಾಲ್ಕು ಬಾರಿ ಐದೈದು ನಿಮಿಷ ಹೆಚ್ಚುವರಿ ವಿರಾಮ ಕೊಟ್ಟಾಗ ಕೈ, ಭುಜ ಮತ್ತು ಕಣ್ಣುಗಳ ತೊಂದರೆ ಕಡಿಮೆಯಾಯಿತು, ಇಪ್ಪತ್ತು ನಿಮಿಷ ಕಡಿತವಾದರೂ ದಿನದ ಒಟ್ಟು ಕೆಲಸ ಇಳಿಯಲಿಲ್ಲ ಎಂದು ಕಂಡುಬಂದಿತ್ತು.

ಹೀಗಿದ್ದರೂ ಮೊದಲ ನಾಲ್ಕು ವಾರ ನನ್ನ ಗುರಿಯನ್ನು ದಿನದ ಬದಲು ವಾರದ ಲೆಕ್ಕದಲ್ಲಿ ನೋಡಬೇಕೆಂದು ವಿನಂತಿಸುತ್ತೇನೆ. ಈಗ ದಿನಕ್ಕೆ 220 ನಮೂದುಗಳ ಗುರಿಯನ್ನು ಮುಟ್ಟಲು ಸಂಜೆಯ ಕೊನೆಯ ಒಂದು ಗಂಟೆಯಲ್ಲಿ ಓಡುವುದರಿಂದಲೇ ನೋವು ಹೆಚ್ಚುತ್ತಿದೆ. ಪ್ರತಿ ಶನಿವಾರ ನಮೂದುಗಳ ಸಂಖ್ಯೆಯನ್ನೂ ಹಿಂತಿರುಗಿದ ತಪ್ಪುಗಳನ್ನೂ ಒಂದು ಹಾಳೆಯಲ್ಲಿ ಬರೆದು ತಮಗೆ ಒಪ್ಪಿಸುತ್ತೇನೆ. ವಿಭಾಗದ ಇನ್ನಿಬ್ಬರು ಸಹೋದ್ಯೋಗಿಗಳಿಗೂ ಇದೇ ನೋವಿದೆ, ಅವರ ಪರವಾಗಿ ಮಾತನಾಡುವ ಅಧಿಕಾರ ನನಗಿಲ್ಲ. ವಿರಾಮವನ್ನು ಎಲ್ಲರಿಗೂ ಒಟ್ಟಿಗೆ ಕೊಟ್ಟರೆ ಒಬ್ಬಳೇ ಎದ್ದು ನಿಲ್ಲುವ ಸಂಕೋಚವೂ ತಪ್ಪುತ್ತದೆ.

ಈ ಕೆಲಸ ನನಗೆ ಬೇಕು, ಇದನ್ನು ಚೆನ್ನಾಗಿ ಮಾಡಲು ಬರುತ್ತದೆ, ಹಳೆಯ ಮೋಡಿ ಬರಹದಂತಿರುವ ಅಕ್ಷರಗಳನ್ನು ಓದಿ ತಿಳಿಯುವುದು ನಮ್ಮ ವಿಭಾಗದಲ್ಲಿ ಎಲ್ಲರಿಗೂ ಸಾಧ್ಯವಿಲ್ಲ ಎಂಬುದು ತಮಗೂ ಗೊತ್ತು. ಈ ತಿಂಗಳ 20ರೊಳಗೆ ತಮ್ಮ ಅಭಿಪ್ರಾಯ ತಿಳಿಸಿದರೆ, ವೈದ್ಯರು ಜುಲೈ ಮೊದಲ ವಾರಕ್ಕೆ ಹೇಳಿರುವ ಮರುಪರೀಕ್ಷೆಗೆ ಮುಂಚೆಯೇ ಬದಲಾವಣೆಯನ್ನು ಆರಂಭಿಸಬಹುದು. ಮುಖತಃ ಮಾತನಾಡಲು ತಾವು ಕರೆದ ದಿನ ಹಾಜರಾಗುತ್ತೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಸವಿತಾ ಎಚ್.

ಲಗತ್ತು: ವೈದ್ಯರ ಚೀಟಿ ಮತ್ತು ರಕ್ತ ಪರೀಕ್ಷೆಯ ವರದಿಯ ನಕಲು