ಗಿರಣಿ ವಿಡಿಯೊಗೆ ರೊಕ್ಕ ಬಂತಾ? ಕೇಳಿದವರಿಗೆಲ್ಲ ಉತ್ತರ

ನಮಸ್ಕಾರ ರೀ ಎಲ್ಲರಿಗೂ. ಮನೆ ಗಿರಣಿಯ ವಿಡಿಯೊ ಹಾಕಿದ ಮೇಲೆ ಒಂದೇ ಪ್ರಶ್ನೆ ಹತ್ತು ಥರ ಬರ್ತಿದೆ. "ಅಕ್ಕಾ, ಕಂಪನಿಯವರು ಎಷ್ಟ ರೊಕ್ಕಾ ಕೊಟ್ಟಾರ?" ಅಂತ ಗದಗಿನವರೊಬ್ಬರು ನೇರವಾಗಿ ಕೇಳಿದ್ದಾರೆ. ಹಾವೇರಿಯ ಇನ್ನೊಬ್ಬರು "ಪೇಯ್ಡ್ ಅನ್ಸುತ್ತೆ ಮೇಡಂ, ಜಾಸ್ತಿ ಹೊಗಳಿದ್ದೀರಿ" ಅಂದಿದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆದರೆ ಒಬ್ಬರಿಗೆ ಅರ್ಧ, ಇನ್ನೊಬ್ಬರಿಗೆ ಉಳಿದರ್ಧ ಗೊತ್ತಾಗುತ್ತೆ. ಅದಕ್ಕೇ ಎಲ್ಲಾ ಒಂದೇ ಕಡೆ ಹೇಳಿಬಿಡ್ತೀನಿ.

ರೊಕ್ಕ ಬಂದಿಲ್ಲ. ಕಂಪನಿಯಿಂದಲೂ ಇಲ್ಲ, ಅಂಗಡಿಯಿಂದಲೂ ಇಲ್ಲ. ಆದರೆ ಆ ಗಿರಣಿ ನಾನು ಕೊಂಡು ತಂದದ್ದಲ್ಲ. ಹುಬ್ಬಳ್ಳಿಯ ಅಂಗಡಿಯವರು ಹೆಚ್ಚುಕಡಿಮೆ ಒಂದು ತಿಂಗಳು ಬಳಸಿ ನೋಡಿ ಅಂತ ಕೊಟ್ಟಿದ್ದರು. ಬಾಡಿಗೆ ತಗೊಂಡಿಲ್ಲ. ಧಾರವಾಡಕ್ಕೆ ತಂದುಕೊಟ್ಟದ್ದು, ವಾಪಸ್ ಒಯ್ದದ್ದು ಅವರ ಟಂಟಂನಲ್ಲೇ. ಇಷ್ಟು ಉಪಕಾರ ಮಾಡಿಸಿಕೊಂಡು "ಯಾರಿಂದಲೂ ಏನೂ ತಗೊಂಡಿಲ್ಲ" ಅಂದರೆ ಆ ಮಾತು ಪೂರ್ತಿ ಆಗಲ್ಲ. ಅದಕ್ಕೇ ವಿಡಿಯೊದಲ್ಲಿ ಗಿರಣಿ ಕಾಣುವಷ್ಟು ಹೊತ್ತೂ ಕೆಳಗಿನ ಪಟ್ಟಿಯಲ್ಲಿ "ಅಂಗಡಿಯಿಂದ ಎರವಲು ತಂದದ್ದು" ಅಂತ ಇದೆ. ಮೊಬೈಲಿನಲ್ಲಿ ಅಕ್ಷರ ಸಣ್ಣದಾಗಿ ಕಾಣುತ್ತೆ, ಕಣ್ಣಿಗೆ ಬೀಳದಿದ್ದರೆ ಆಶ್ಚರ್ಯ ಇಲ್ಲ.

ಗಿರಣಿ ಬಂದಾಗ ಕೊಟ್ಟ ಚಲನ್ ನನ್ನ ಹತ್ತಿರ ಇದೆ. ಗುಲಾಬಿ ಬಣ್ಣದ ಹಾಳೆ, ಮೇಲೆ ಅಂಗಡಿಯ ಸೀಲು. ಬೆಲೆ ಬರೆಯುವ ಜಾಗದಲ್ಲಿ ಅಡ್ಡಗೆರೆ ಎಳೆದು "ತಾತ್ಪೂರ್ತಿಕ, ವಾಪಸ್ ಬರತಕ್ಕದ್ದು" ಅಂತ ಬಾಲ್‌ಪೆನ್ನಿನಲ್ಲಿ ಬರೆದಿದ್ದಾರೆ. ವಾಪಸ್ ಒಯ್ಯುವಾಗ ಅದರ ಬೆನ್ನ ಮೇಲೆ ಅಂಗಡಿಯ ಹುಡುಗ ಸಹಿ ಹಾಕಿದ್ದಾನೆ. ನೋಡಬೇಕು ಅನ್ನುವವರಿಗೆ ಫೋನ್ ನಂಬರು ಮುಚ್ಚಿ ಫೋಟೊ ಹಾಕ್ತೀನಿ.

ವಾಪಸ್ ಕೊಟ್ಟಿದ್ದನ್ನು ಇಷ್ಟು ಒತ್ತಿ ಹೇಳೋದಕ್ಕೆ ಕಾರಣ ಇದೆ. ಆ ಗಿರಣಿಯ ಬೆಲೆ ₹21,500. ಇಟ್ಟುಕೊಂಡಿದ್ದರೆ ಅದು ನನಗೆ ಬಂದ ಆದಾಯವೇ. 2022ರ ಜುಲೈ 1ರಿಂದ ಆದಾಯ ತೆರಿಗೆಯಲ್ಲಿ 194R ಅಂತ ಒಂದು ಕಲಂ ಬಂತು. ವ್ಯಾಪಾರಕ್ಕೆ ಸಂಬಂಧಪಟ್ಟು ಯಾರಾದರೂ ವರ್ಷಕ್ಕೆ ₹20,000ಕ್ಕಿಂತ ಜಾಸ್ತಿ ಬೆಲೆಯ ಸಾಮಾನು ಪುಕ್ಕಟೆ ಕೊಟ್ಟರೆ ಸಾಮಾನ್ಯವಾಗಿ ಕೊಟ್ಟವರು ಶೇ 10 ಟಿಡಿಎಸ್ ಕಟ್ಟಬೇಕು. ವಿಡಿಯೊಗೆಂದು ಕೊಟ್ಟ ಸಾಮಾನು ವಾಪಸ್ ಹೋದರೆ ಈ ಲೆಕ್ಕ ಬರಲ್ಲ. "ರೊಕ್ಕ ತಗೊಂಡಿಲ್ಲ, ಸಾಮಾನು ಅಷ್ಟೇ" ಅಂತ ಯಾರಾದರೂ ಹೇಳಿದರೆ "ಸಾಮಾನು ಈಗ ಎಲ್ಲಿದೆ?" ಅಂತ ಕೇಳಿ. ನನ್ನನ್ನೂ ಕೇಳಿ.

ಇನ್ನು ನನಗೆ ರೊಕ್ಕ ಬರುವ ದಾರಿ. ಎರಡು ಇವೆ.

ಒಂದು, ವಿಡಿಯೊದ ಕೆಳಗೆ ಕೊಟ್ಟಿರುವ ಕೊಂಡಿ. ಅದನ್ನು ಒತ್ತಿ ಆನ್‌ಲೈನ್‌ನಲ್ಲಿ ಕೊಂಡರೆ ನನಗೆ ಕಮಿಷನ್ ಸಿಗುತ್ತೆ, ಈ ಥರದ ಸಾಮಾನಿಗೆ ನೂರಕ್ಕೆ ನಾಲ್ಕೈದು ರೂಪಾಯಿ. ನಿಮಗೆ ಬೆಲೆ ಏರಲ್ಲ. ಆದರೂ ನೀವು ಕೊಂಡರೆ ನನಗೆ ಲಾಭ ಇದೆ, ಅದು ನಿಮಗೆ ಗೊತ್ತಿರಬೇಕು. ಕಮಿಷನ್ ಇಲ್ಲದ ಕೊಂಡಿಯನ್ನೂ ಅದರ ಕೆಳಗೇ ಹಾಕಿದ್ದೇನೆ. ನಿಮಗೆ ಸರಿ ಅನಿಸಿದ್ದನ್ನು ಒತ್ತಿ, ಎರಡನ್ನೂ ಬಿಟ್ಟು ಊರಿನ ಅಂಗಡಿಗೆ ಹೋದರೂ ನಡೆಯುತ್ತೆ.

ಎರಡು, ಯೂಟ್ಯೂಬ್ ನಡುನಡುವೆ ತೋರಿಸುವ ಜಾಹೀರಾತು. ಇಲ್ಲೊಂದು ತಮಾಷೆ ಆಗಿದೆ. ನನ್ನ ವಿಡಿಯೊ ಶುರುವಾಗುವ ಮೊದಲೇ ಒಬ್ಬರಿಗೆ ಒಂದು ಗಿರಣಿ ಕಂಪನಿಯ ಜಾಹೀರಾತು ಬಂತಂತೆ. ಅದರ ಸ್ಕ್ರೀನ್‌ಶಾಟ್ ತೆಗೆದು "ಈಗ ಸಿಕ್ಕಿಬಿದ್ರಿ ನೋಡ್ರಿ!" ಅಂತ ಕಳಿಸಿದ್ದಾರೆ. ಆ ಜಾಹೀರಾತನ್ನು ನಾನು ಆರಿಸಿಲ್ಲ. ವಿಡಿಯೊ ಯಾವುದರ ಬಗ್ಗೆ ಇದೆ, ನೋಡುವವರು ಮೊದಲು ಏನು ಹುಡುಕಿದ್ದರು, ಇದನ್ನೆಲ್ಲ ನೋಡಿ ಗೂಗಲ್ ಹಾಕುತ್ತೆ. ಗಿರಣಿ ಹುಡುಕಿದವರಿಗೆ ಗಿರಣಿ ಜಾಹೀರಾತು ಬರೋದು ಸಹಜ. ನಿಮ್ಮ ಪಕ್ಕದ ಮನೆಯವರಿಗೆ ಅದೇ ವಿಡಿಯೊ ಮುಂದೆ ಸೀರೆಯದೋ ಸಾಲದ್ದೋ ಬಂದಿರುತ್ತೆ. ಆ ಜಾಹೀರಾತಿನ ಗಳಿಕೆಯಲ್ಲಿ ಶೇ 55 ನನಗೆ, ಉಳಿದದ್ದು ಯೂಟ್ಯೂಬಿಗೆ. ನಾನು ಗಿರಣಿಯನ್ನು ಹೊಗಳಿದರೂ ಬೈದರೂ ಅದರಲ್ಲಿ ವ್ಯತ್ಯಾಸ ಇಲ್ಲ.

"ಪೇಯ್ಡ್ ಆಗಿದ್ರೆ ಯೂಟ್ಯೂಬೇ ಮೇಲೆ ತೋರಿಸುತ್ತೆ ಅಲ್ವಾ?" ಅಂತ ನನ್ನ ಪರವಾಗಿ ವಾದ ಮಾಡಿದವರೂ ಇದ್ದಾರೆ. ಪ್ರೀತಿಗೆ ಶರಣು. ಆದರೆ ಆ ವಾದ ನಿಲ್ಲಲ್ಲ. Includes paid promotion ಅಂತ ಮೂಲೆಯಲ್ಲಿ ಬರಬೇಕಾದರೆ, ವಿಡಿಯೊ ಹಾಕುವವರೇ ಒಂದು ಚೌಕದಲ್ಲಿ ಟಿಕ್ ಮಾಡಬೇಕು. ಟಿಕ್ ಮಾಡದೆ ರೊಕ್ಕ ಒಳಗೆ ಹಾಕಿಕೊಂಡವರ ವಿಡಿಯೊದಲ್ಲೂ ಅದು ಕಾಣಲ್ಲ. ಹಾಗಾಗಿ ಅದು ಇದ್ದರೆ ಪೇಯ್ಡ್ ಅಂತ ತಿಳಿಯಿರಿ. ಇಲ್ಲದಿದ್ದರೆ ಏನೂ ತಿಳಿಯಲ್ಲ.

ನಿಯಮ ಇದೆಯಾ ಅಂತ ಕೇಳಿದವರಿಗೆ: ಇದೆ. ಜಾಹೀರಾತು ಉದ್ಯಮದವರೇ ಕಟ್ಟಿಕೊಂಡ ಎಎಸ್‌ಸಿಐ ಅನ್ನುವ ಮಂಡಳಿ 2021ರಲ್ಲಿ ನಮ್ಮಂಥವರಿಗೆಂದೇ ಮಾರ್ಗಸೂಚಿ ತಂದಿತು. ರೊಕ್ಕ ಮಾತ್ರ ಅಲ್ಲ, ಪುಕ್ಕಟೆ ಸಾಮಾನು, ರಿಯಾಯಿತಿ, ಪ್ರವಾಸ, ಕಡೆಗೆ ಸಂಬಂಧಿಕರ ಕಂಪನಿ ಆಗಿದ್ದರೂ ಹೇಳಲೇಬೇಕು ಅನ್ನುತ್ತೆ ಅದು. ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯೂ 2023ರ ಜನವರಿಯಲ್ಲಿ ಇಂಥದ್ದೇ ಸೂಚನೆ ಕೊಟ್ಟಿದೆ. ನಮ್ಮಂಥವರನ್ನು ಕೇಳುವುದು ಅನುಮಾನದ ಬುದ್ಧಿ ಅಲ್ಲ, ನಿಮ್ಮ ಹಕ್ಕು. ಯಾರೂ "ಬೇಜಾರಾಗಬೇಡಿ" ಅಂತ ಶುರು ಮಾಡಬೇಕಿಲ್ಲ.

ಸಂಬಂಧಿಕರ ಮಾತು ಬಂತಲ್ಲ, ಅದನ್ನೂ ಒಬ್ಬರು ಕೇಳಿದ್ದಾರೆ. ಅಂಗಡಿಯವರು ನಮಗೆ ನೆಂಟರಲ್ಲ. ಪರಿಚಯ ಮಾತ್ರ ಹಳೆಯದು. ನನ್ನ ತವರಿನವರು ಮಿಕ್ಸಿ, ಫ್ಯಾನು ಎಲ್ಲ ಅಲ್ಲೇ ತರ್ತಾರೆ. ಗಿರಣಿ ಕೇಳಲು ಅಲ್ಲಿಗೇ ಹೋಗಿದ್ದೂ ಅದೇ ಸಲಿಗೆಯಿಂದ. ಅಂಗಡಿಯ ಹೆಸರು ವಿಡಿಯೊದಲ್ಲಿ ಒಮ್ಮೆ ಹೇಳಿದ್ದೇನೆ. ಇಲ್ಲಿ ಮತ್ತೆ ಬರೆಯಲ್ಲ, ಬರೆದರೆ ಈ ಉತ್ತರವೇ ಒಂದು ಜಾಹೀರಾತಾಗಿಬಿಡುತ್ತೆ.

ವಿಡಿಯೊ ಹಾಕುವ ಮೊದಲು ಅವರಿಗೆ ತೋರಿಸಿಲ್ಲ, ಅವರು ಕೇಳಲೂ ಇಲ್ಲ. ಹಾಕಿದ ಮೇಲೆ ಮಾಲೀಕರ ಫೋನ್ ಬಂತು. "ಎಲ್ಲಾ ಚಲೋ ಐತ್ರಿ. ಆದ್ರ ಸೌಂಡಿನ ಬಗ್ಗೆ ಅಷ್ಟೊತ್ತು ಹೇಳಬೇಕಿತ್ತೇನ್ರೀ?" ಅಂದರು. ಬೇಕಿತ್ತು ಅಂದೆ. ಸಂಜೆ ಹೊತ್ತು ಗಿರಣಿ ಹಾಕಿದರೆ ನಮ್ಮ ಮನೆಯಲ್ಲಿ ಟಿವಿ ಕೇಳಿಸ್ತಿರಲಿಲ್ಲ. ಅವರು ನಕ್ಕು ಫೋನಿಟ್ಟರು.

ಈಗ "ಜಾಸ್ತಿ ಹೊಗಳಿದ್ದೀರಿ" ಅನ್ನುವ ಮಾತಿಗೆ ಬರ್ತೀನಿ. ನನಗೆ ಇದೇ ಮುಖ್ಯ ಅನಿಸಿತು. ರೊಕ್ಕ ತಗೊಂಡಿಲ್ಲ ಅಂದ ಮಾತ್ರಕ್ಕೆ ನಾನು ಹೇಳಿದ್ದೆಲ್ಲ ಸರಿ ಅಂತ ಆಗಲ್ಲ. ಪರಿಚಯದವರು ನಂಬಿ ಸಾಮಾನು ಕೊಟ್ಟಾಗ ಅವರ ಮುಖ ನೋಡಿ ನಾಲಗೆ ಸ್ವಲ್ಪ ಮೆತ್ತಗಾಗೋದು ಯಾರಿಗಾದರೂ ಸಹಜ. ನನಗೆ ಎಷ್ಟು ಆಯ್ತು ಅಂತ ನಾನೇ ಅಳೆದು ಹೇಳಿದರೆ ಅದಕ್ಕೇನು ಬೆಲೆ? ಅದಕ್ಕಿಂತ ನಾನು ಹೇಳಿದ್ದರಲ್ಲಿ ನೀವೇ ಪರೀಕ್ಷೆ ಮಾಡಬಹುದಾದದ್ದು ಯಾವುದು ಅಂತ ಹೇಳ್ತೀನಿ.

ಹಿಟ್ಟು ಚೆನ್ನಾಗಿ ಬರುತ್ತೆ ಅಂದೆ. ಇದಕ್ಕೆ ನನ್ನ ಮಾತು ನಂಬಬೇಕಿಲ್ಲ. ಒಂದು ಕಿಲೊ ಬಿಳಿ ಜೋಳ ಹಸನು ಮಾಡಿ ಅಂಗಡಿಗೆ ಒಯ್ಯಿರಿ, ಅಲ್ಲೇ ಸಣ್ಣ ಜಾಲರಿ ಹಾಕಿಸಿ ಬೀಸಿಸಿ. ಮನೆಗೆ ತಂದು ಕುದಿಯುವ ನೀರು ಹಾಕಿ ನಾದಿ, ತಟ್ಟಿ ನೋಡಿ. ಹಿಟ್ಟಿಗೆ ಜಿಗಿ ಇದ್ದರೆ ರೊಟ್ಟಿ ತೆಳ್ಳಗೆ ಹರಡಿಕೊಳ್ಳುತ್ತೆ. ಇಲ್ಲದಿದ್ದರೆ ಅಂಚು ಸೀಳಿ ನಿಮಗೇ ಹೇಳಿಬಿಡುತ್ತೆ. ಓಣಿಯ ಕಲ್ಲಿನ ಗಿರಣಿಯ ಹಿಟ್ಟಿನದೂ ಒಂದು ರೊಟ್ಟಿ ಅದರ ಪಕ್ಕ ಮಾಡಿಕೊಳ್ಳಿ. ನಮ್ಮ ಅತ್ತೆಯವರು ಕಲ್ಲಿನದೇ ಒಂದು ಕೈ ಮೇಲು ಅಂದರು. ಅದು ವಿಡಿಯೊದಲ್ಲೇ ಇದೆ, ತೆಗೆದಿಲ್ಲ.

ಶಬ್ದವನ್ನೂ ಅಂಗಡಿಯಲ್ಲೇ ಕೇಳಬಹುದು. ಆದರೆ ಮುಂಬಾಗಿಲ ಹತ್ತಿರ ಟ್ರಾಫಿಕ್ ಸದ್ದಿನಲ್ಲಿ ಬೇಡ, ಒಳಗಿನ ಗೋದಾಮಿನಲ್ಲಿ ಹಾಕಿಸಿ. ವಿದ್ಯುತ್ ಲೆಕ್ಕ ಸುಲಭ: ಒಂದು ಎಚ್‌ಪಿ ಮೋಟರು ಒಂದು ಗಂಟೆ ಓಡಿದರೆ ಮುಕ್ಕಾಲು ಯೂನಿಟ್ಟಿನ ಆಸುಪಾಸು. ಹೆಸ್ಕಾಂ ಬಿಲ್ಲಿಗೆ ಹೆದರುವಂಥದ್ದೇನಲ್ಲ.

ಬಾಳಿಕೆಯ ವಿಷಯಕ್ಕೆ ಮಾತ್ರ ನನ್ನ ವಿಡಿಯೊವನ್ನು ನೆಚ್ಚಿಕೊಳ್ಳಬೇಡಿ. ತಿಂಗಳು ಬಳಸಿದವಳು ಮೂರು ವರ್ಷದ ಮೋಟರಿನ ಕಥೆ ಹೇಳೋಕಾಗಲ್ಲ. ಹಳೆಯ ಗಿರಣಿ ಇಟ್ಟುಕೊಂಡವರನ್ನೇ ಕೇಳಿ. ಜಾಲರಿ ಎಷ್ಟು ದಿನಕ್ಕೆ ಬದಲಾಯಿಸಿದಿರಿ, ರಿಪೇರಿಗೆ ಮನೆಗೆ ಬರ್ತಾರಾ, ಇಲ್ಲ ಹೊತ್ತುಕೊಂಡು ಹೋಗಬೇಕಾ, ಇಂಥವು.

"ಹಾಗಾದ್ರೆ ನೀವು ರೊಕ್ಕ ತಗೊಂಡು ವಿಡಿಯೊ ಮಾಡೋದೇ ಇಲ್ವಾ?" ಮಾಡ್ತೀನಿ. ಕಳೆದ ದಸರೆಯ ಮಸಾಲೆ ಪುಡಿಗಳ ವಿಡಿಯೊ ಪೇಯ್ಡ್. ಟಿಕ್ ಮಾಡಿದ್ದೆ, ಮೊದಲ ವಾಕ್ಯದಲ್ಲೇ ಬಾಯಿಬಿಟ್ಟು ಹೇಳಿದ್ದೆ. ಮೊತ್ತ ಹೇಳಬಾರದು ಅಂತ ಕರಾರಿದೆ, ಅದಕ್ಕೆ ಹೇಳಲ್ಲ. ಆದರೆ ಅದು ಮೊದಲೇ ಗೊತ್ತುಮಾಡಿದ ರೊಕ್ಕ. ಎಷ್ಟು ಜನ ನೋಡಿದರು, ಎಷ್ಟು ಪಾಕೀಟು ಮಾರಿತು ಅನ್ನುವುದರ ಮೇಲೆ ಇರಲಿಲ್ಲ. ಬೇರೆ ಕಂಪನಿಯ ಪುಡಿಯನ್ನು ಪಕ್ಕಕ್ಕಿಟ್ಟು ತೋರಿಸಬಾರದು ಅಂತ ಅವರು ಕೇಳಿದ್ದರು, ಒಪ್ಪಿದ್ದೆ. ಹಾಗಾಗಿ ಅದು ಹೋಲಿಕೆಯ ವಿಡಿಯೊ ಅಲ್ಲ, ಅವರ ಪುಡಿ ಹಾಕಿ ಮಾಡಿದ ಅಡುಗೆಯ ವಿಡಿಯೊ. ಯಾವ ಪುಡಿ ಉತ್ತಮ ಅಂತ ತಿಳಿಯೋಕೆ ಅದನ್ನು ನೋಡಬೇಡಿ. ಅದರಲ್ಲಿನ ಬದನೆಕಾಯಿ ಎಣಗಾಯಿ ಮಾತ್ರ ಧೈರ್ಯವಾಗಿ ಮಾಡಿ.

ಬಿಟ್ಟದ್ದೂ ಇದೆ. "ಇನ್ನಷ್ಟು ಕೊಡ್ತೀವಿ, ಪೇಯ್ಡ್ ಅಂತ ಮಾತ್ರ ಹಾಕಬೇಡಿ" ಅಂತ ಒಂದು ಕಡೆಯಿಂದ ಬಂದಿತ್ತು. ಆಗಲ್ಲ ಅಂದೆ. ಅವರ ಹೆಸರು ಕೇಳಬೇಡಿ.

ಮುಂದಿನ ವಾರ ರೊಟ್ಟಿ ತವೆಗಳ ಹೋಲಿಕೆ ಬರುತ್ತೆ, ನಾಲ್ಕು ತವೆ. ನಾಲ್ಕೂ ನನ್ನ ರೊಕ್ಕದಲ್ಲೇ ತಂದದ್ದು, ಬಿಲ್ಲು ಇವೆ. ಆದರೆ ಅವುಗಳಲ್ಲಿ ಒಂದು ಕಂಪನಿಯವರು ದೀಪಾವಳಿಗೆ ಬೇರೊಂದು ವಿಡಿಯೊ ಮಾಡಿಕೊಡಿ ಅಂತ ನನ್ನ ಜತೆ ಮಾತುಕತೆ ನಡೆಸಿದ್ದಾರೆ, ಇನ್ನೂ ಏನೂ ಪಕ್ಕಾ ಆಗಿಲ್ಲ. ಅದು ಯಾವ ತವೆ ಅಂತ ವಿಡಿಯೊದ ಶುರುವಿನಲ್ಲೇ ಕೈಯಲ್ಲಿ ಹಿಡಿದು ತೋರಿಸ್ತೀನಿ. ಅದಕ್ಕೆ ಮೊದಲ ಸ್ಥಾನ ಬಂದರೆ ಇನ್ನೊಂದು ಸಲ ಕೇಳಿ.